ಫೋಟೋದಲ್ಲೇ ನಕಲಿ ಅಲಾಯ್ ವೀಲ್ ಗುರುತಿಸುವುದು: ಹಿಂಬದಿಯಿಂದ ಶುರುಮಾಡಿ

ಸೆಕೆಂಡ್ ಹ್ಯಾಂಡ್ ಅಲಾಯ್ ಸೆಟ್‌ನ ಫೋಟೋ ಕಳಿಸಿ "ಇದು ಒರಿಜಿನಲ್ಲಾ?" ಅಂತ ಕೇಳುವವರೆಲ್ಲ ಹೆಚ್ಚುಕಮ್ಮಿ ಒಂದೇ ಕಡೆ ಎಡವುತ್ತಾರೆ. ಮುಂಬದಿಯ ಫೋಟೋ ನೋಡುತ್ತಾರೆ, ಬಣ್ಣ ಚೆನ್ನಾಗಿದೆ ಅನ್ನುತ್ತಾರೆ, ನಡುವಿನ ಮುಚ್ಚಳದ ಮೇಲಿರುವ ಲೋಗೋ ನೋಡಿ ಸಮಾಧಾನ ಆಗಿಬಿಡುತ್ತಾರೆ. ಆ ಮುಚ್ಚಳ ಬಿಡಿಯಾಗಿ ಸಿಗುತ್ತದೆ, ಒತ್ತಿದರೆ ಕೂರುತ್ತದೆ. ಅದಕ್ಕೆ ಬೆಲೆ ಕೊಡಬೇಡಿ.

ನಕಲಿ ಮಾಡುವವನು ಜಾಸ್ತಿ ಶ್ರಮ ಹಾಕುವುದು ಕಣ್ಣಿಗೆ ಬೀಳುವ ಮುಂಬದಿಗೆ. ವೀಲ್ ಯಾವ ಕ್ರಮದಲ್ಲಿ ತಯಾರಾಯಿತು ಅನ್ನುವುದರ ಗುರುತು ಉಳಿಯುವುದು ಹಿಂಬದಿಯಲ್ಲಿ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಣ್ಣ ಕೊನೆಗೆ ಬರುತ್ತದೆ, ಬೇಕಂತಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇರೆ ಕಂಪನಿಯ ಡಿಸೈನ್ ಹೋಲುವ ವೀಲನ್ನು ತನ್ನದೇ ಹೆಸರಲ್ಲಿ, ತನ್ನದೇ ಲೋಡ್ ಗುರುತಿನೊಂದಿಗೆ ಮಾರುವವರಿದ್ದಾರೆ. ಅದು ರೆಪ್ಲಿಕಾ. ಇಷ್ಟಪಡುವುದು ಬಿಡುವುದು ನಿಮಗೆ ಬಿಟ್ಟದ್ದು. ಇಲ್ಲಿ ಹೇಳುತ್ತಿರುವುದು ಬೇರೆಯವರ ಹೆಸರು, ಪಾರ್ಟ್ ನಂಬರ್, ಲೋಡ್ ಗುರುತು ಎಲ್ಲವನ್ನೂ ಹಾಕಿಕೊಂಡು ಬರುವ ಖೋಟಾ ಮಾಲಿನ ಬಗ್ಗೆ.

## ಬೇಕಾಗುವ ಸಾಮಾನು

ಜಾಸ್ತಿ ಏನಿಲ್ಲ. ದೊಡ್ಡ ಸ್ಕ್ರೀನ್ ಇರುವ ಕಂಪ್ಯೂಟರ್, ಫೋಟೋವನ್ನು ಹಿಗ್ಗಿಸಿ ಬೆಳಕು-ಕತ್ತಲೆ ಹೊಂದಿಸುವ ಯಾವುದಾದರೂ ಸಾಫ್ಟ್‌ವೇರ್, ಕ್ಯಾಲ್ಕುಲೇಟರ್, ನಿಮ್ಮ ಗಾಡಿಯ ಮ್ಯಾನ್ಯುವಲ್. ಜೊತೆಗೆ ಅದೇ ಪಾರ್ಟ್ ನಂಬರಿನ, ಅಸಲಿ ಅಂತ ಖಚಿತವಾಗಿ ಗೊತ್ತಿರುವ ವೀಲಿನ ಹಿಂಬದಿಯ ಫೋಟೋ ಒಂದಿದ್ದರೆ ಅರ್ಧ ಕೆಲಸ ಮುಗಿಯಿತು. ಆ ಮಾಡೆಲಿನ ಗಾಡಿ ಇಟ್ಟುಕೊಂಡವರು ಟೈರ್ ಬಿಚ್ಚಿಸುವಾಗ ಒಂದು ಫೋಟೋ ತೆಗೆದುಕೊಡಿ ಅಂತ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

## ಹಂತ 1: ಸರಿಯಾದ ಫೋಟೋ ತರಿಸಿಕೊಳ್ಳಿ

ಮಾರುವವನು ಮೊದಲು ಕಳಿಸಿದ ಫೋಟೋಗಳಿಂದ ಏನೂ ತೀರ್ಮಾನಿಸಬೇಡಿ. ನಾಲ್ಕೂ ವೀಲುಗಳ ಹಿಂಬದಿಯನ್ನು ಬೇರೆಬೇರೆಯಾಗಿ ತೆಗೆದು ಕಳಿಸಲು ಹೇಳಿ. ಪ್ರತಿ ವೀಲಿಗೂ ಮೂರು ಫೋಟೋ ಬೇಕು. ಒಂದು ಇಡೀ ಹಿಂಬದಿಯದು. ಇನ್ನೊಂದು ನಡುವಿನ ಭಾಗದ್ದು, ಅಂದರೆ ಹಬ್‌ಗೆ ಅಂಟಿಕೊಳ್ಳುವ ಚಪ್ಪಟೆ ಮುಖ ಮತ್ತು ಅದರ ಸುತ್ತ ಇರುವ ಬರಹಗಳು. ಮೂರನೆಯದು ಬೋಲ್ಟ್ ಕೂರುವ ಒಂದು ತೂತಿನ ಒಳಗಿನದು, ಇದನ್ನು ಮಾತ್ರ ಮುಂಬದಿಯಿಂದ ತೆಗೆಯಬೇಕು.

ಬರಹದ ಫೋಟೋವನ್ನು ಫ್ಲ್ಯಾಶ್ ಆರಿಸಿ, ಇನ್ನೊಂದು ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಹೆಚ್ಚುಕಮ್ಮಿ ಮೇಲ್ಮೈಗೆ ತಾಗುವ ಹಾಗೆ ಹಿಡಿದು ತೆಗೆಯಲು ಹೇಳಿ. ಬೆಳಕು ಓರೆಯಾಗಿ ಬಿದ್ದಾಗಲೇ ಅಕ್ಷರ ಉಬ್ಬಿದೆಯೋ ಒಳಕ್ಕೆ ಹೋಗಿದೆಯೋ ಗೊತ್ತಾಗುವುದು. ನೇರ ಫ್ಲ್ಯಾಶ್ ಹೊಡೆದರೆ ನೆರಳೆಲ್ಲ ಸತ್ತು ಹೋಗುತ್ತದೆ. ಟಾರ್ಚ್ ಯಾವ ಕಡೆಯಿಂದ ಹಿಡಿದಿದ್ದು ಅಂತಲೂ ಕೇಳಿಟ್ಟುಕೊಳ್ಳಿ, ಯಾಕಂದರೆ ಅದು ಗೊತ್ತಿಲ್ಲದೆ ಫೋಟೋ ನೋಡಿದರೆ ಉಬ್ಬು ತಗ್ಗಿನಂತೆ, ತಗ್ಗು ಉಬ್ಬಿನಂತೆ ಕಾಣುವುದು ತುಂಬಾ ಸಾಮಾನ್ಯ.

ಮೆಸೇಜಿಂಗ್ ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಅಕ್ಷರದ ಅಂಚೆಲ್ಲ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ರೂಪದಲ್ಲೋ ಇಮೇಲಿನಲ್ಲೋ ಕಳಿಸಲಿ. ಒಂದು ಚೀಟಿಯಲ್ಲಿ ಆ ದಿನದ ತಾರೀಕು ಬರೆದು ವೀಲಿನ ಮೇಲಿಟ್ಟು ತೆಗೆಯಲಿ, ಆಗ ಬೇರೆಯವರ ವೀಲಿನ ಫೋಟೋ ಕದ್ದು ಹಾಕುವುದೂ ತಪ್ಪುತ್ತದೆ.

ಎಚ್ಚರಿಕೆಯ ಗುರುತು: ಮುಂಬದಿಯ ಹತ್ತು ಫೋಟೋ ಕೇಳಿದ ತಕ್ಷಣ ಕಳಿಸಿ, ಹಿಂಬದಿ ಕೇಳಿದರೆ "ಟೈರ್ ಹಾಕಿದೆ, ಆಗಲ್ಲ" ಅನ್ನುವುದು. ಟೈರ್ ಹಾಕಿದ್ದರೂ ಹಿಂಬದಿ ಕಾಣುತ್ತದೆ. ವೀಲ್ ಗಾಡಿಯಿಂದ ಬಿಚ್ಚಿದ್ದರೆ ಸಾಕು.

## ಹಂತ 2: ಬರಹ ಓದಿ, ಕಥೆಗೆ ಹೊಂದುತ್ತದಾ ನೋಡಿ

ಹಿಂಬದಿಯಲ್ಲಿ ಸಿಗುವ ಬರಹ ಸುಮಾರಾಗಿ ಹೀಗಿರುತ್ತದೆ:

```
8Jx18H2  ET45
MAX LOAD 690KG
JWL  VIA
```

ಮೊದಲ ಸಾಲು ಅಳತೆ. ಅಗಲ 8 ಇಂಚು, ವ್ಯಾಸ 18 ಇಂಚು, ಆಫ್‌ಸೆಟ್ 45 ಮಿಲಿಮೀಟರ್. ಆಫ್‌ಸೆಟ್ ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಹಬ್‌ಗೆ ಅಂಟಿಕೊಳ್ಳುವ ಮುಖಕ್ಕಿರುವ ದೂರ. ಎರಡನೆಯದು ಒಂದು ವೀಲ್ ಹೊರಬಹುದಾದ ಗರಿಷ್ಠ ಭಾರ. ಮೂರನೆಯದರಲ್ಲಿ ಜೆಡಬ್ಲ್ಯೂಎಲ್ ಅನ್ನುವುದು ಲಘು ಲೋಹದ ವೀಲುಗಳಿಗೆ ಜಪಾನಿನ ಮಾನದಂಡ. ಅದನ್ನು ಪಾಲಿಸಿದ್ದೇನೆ ಅಂತ ತಯಾರಕನೇ ಹೇಳಿಕೊಂಡು ಹಾಕುವ ಗುರುತು ಅದು. ವಿಐಎ ಗುರುತಿಗೆ ಹೊರಗಿನ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಜರ್ಮನಿಯ ಮಾರುಕಟ್ಟೆಗೆ ಬಿಡಿಯಾಗಿ ಮಾರುವ ಎಷ್ಟೋ ವೀಲುಗಳಲ್ಲಿ `KBA` ಅಂತ ಬರೆದು ಐದಂಕಿಯ ನಂಬರ್ ಇರುತ್ತದೆ, ಅದು ಅಲ್ಲಿನ ವಾಹನ ಪ್ರಾಧಿಕಾರ ಕೊಟ್ಟ ಒಪ್ಪಿಗೆಯ ನಂಬರ್.

ಇಲ್ಲಿ ಜನ ಮಾಡುವ ತಪ್ಪು ಏನಂದರೆ, ಗುರುತು ಜಾಸ್ತಿ ಇದ್ದಷ್ಟೂ ಅಸಲಿ ಅಂದುಕೊಳ್ಳುವುದು. ಕಾರ್ಖಾನೆಯಲ್ಲೇ ಗಾಡಿಗೆ ಹಾಕಿ ಬರುವ ವೀಲಿಗೆ ಗಾಡಿಯ ಜೊತೆಗೇ ಒಪ್ಪಿಗೆ ಸಿಕ್ಕಿರುತ್ತದೆ. ಹಾಗಾಗಿ ಅಂಥ ಅಸಲಿ ವೀಲುಗಳು ಎಷ್ಟೋ ಕೆಬಿಎ ನಂಬರ್ ಇಲ್ಲದೆ, ಕೆಲವು ಲೋಡ್ ಅಂಕಿಯೂ ಇಲ್ಲದೆ ಬರುತ್ತವೆ. "ಶೋರೂಮಿನ ಹೊಸ ಗಾಡಿಯಿಂದ ಬಿಚ್ಚಿದ್ದು" ಅಂತ ಹೇಳಿದ ವೀಲಿನ ಮೇಲೆ ಕೆಬಿಎ ನಂಬರ್ ಕಂಡರೆ, ಇದು ಬಿಡಿ ಮಾರುಕಟ್ಟೆಯ ಮಾಲಿರಬಹುದಾ ಅಂತ ಕೇಳಬೇಕು. ಆ ನಂಬರಿನ ಒಪ್ಪಿಗೆ ಪತ್ರದಲ್ಲಿ ತಯಾರಕನ ಹೆಸರು, ಅಳತೆ, ಭಾರ, ಯಾವ ಗಾಡಿಗೆ ಆಗುತ್ತದೆ ಅನ್ನುವುದೆಲ್ಲ ಇರುತ್ತದೆ. ಪತ್ರದಲ್ಲಿ ಒಂದು ಅಳತೆ, ವೀಲ್ ಮೇಲೆ ಇನ್ನೊಂದು ಇದ್ದರೆ ಅಲ್ಲಿಗೇ ಮುಗಿಯಿತು.

ಪಾರ್ಟ್ ನಂಬರ್ ಇದ್ದರೆ ಅದನ್ನು ಹುಡುಕಿ, ಅದರ ಅಳತೆ ಮತ್ತು ಆಫ್‌ಸೆಟ್ ಫೋಟೋದಲ್ಲಿರುವುದಕ್ಕೆ ತಾಳೆಯಾಗುತ್ತದಾ ನೋಡಿ. ನಕಲಿ ಮಾಡುವವನು ಒಂದೇ ಪಾರ್ಟ್ ನಂಬರನ್ನು ಮೂರು ಅಳತೆಯ ವೀಲಿಗೂ ಹಾಕಿರುವುದುಂಟು.

## ಹಂತ 3: ಲೋಡ್ ಅಂಕಿಯ ಲೆಕ್ಕ

ಗಾಡಿಯ ಮ್ಯಾನ್ಯುವಲ್‌ನಲ್ಲಿ ಅಥವಾ ಬಾಗಿಲ ಚೌಕಟ್ಟಿನ ಫಲಕದಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಗರಿಷ್ಠ ಎಷ್ಟು ಭಾರ ಅಂತ ಕೊಟ್ಟಿರುತ್ತಾರೆ. ಯುರೋಪಿನ ಗಾಡಿಗಳ ಫಲಕದಲ್ಲಿ `1-` ಅಂತ ಶುರುವಾಗುವ ಸಾಲು ಮುಂದಿನದು, `2-` ಹಿಂದಿನದು. ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡು ಎರಡರಿಂದ ಭಾಗಿಸಿ. 1180 ಕೆಜಿ ಇದ್ದರೆ ಒಂದು ವೀಲಿಗೆ 590 ಕೆಜಿ. ವೀಲ್ ಮೇಲಿನ ಅಂಕಿ ಇದಕ್ಕಿಂತ ಕಡಿಮೆ ಇದ್ದರೆ, ಅಸಲಿಯೇ ಆಗಿದ್ದರೂ ನಿಮ್ಮ ಗಾಡಿಗೆ ಅದು ಬೇಡ. ಗಾಡಿಯ ಖಾಲಿ ತೂಕವನ್ನು ನಾಲ್ಕರಿಂದ ಭಾಗಿಸಿ ಸಾಕು ಅಂದುಕೊಳ್ಳುವವರಿದ್ದಾರೆ. ಜನ, ಲಗೇಜು ಸೇರಿದ ಮೇಲೆ ಆ ಲೆಕ್ಕ ಎಲ್ಲಿಗೂ ಬರುವುದಿಲ್ಲ.

ಕೆಲವು ವೀಲುಗಳಲ್ಲಿ ಕೆಜಿಯ ಪಕ್ಕ ಪೌಂಡ್ ಕೂಡ ಇರುತ್ತದೆ. ಕೆಜಿಯನ್ನು 2.2046ರಿಂದ ಗುಣಿಸಿ ನೋಡಿ. 690 ಕೆಜಿಗೆ ಸುಮಾರು 1521 ಪೌಂಡ್ ಬರಬೇಕು. ಅಲ್ಲಿ 1420 ಅಂತ ಇದ್ದರೆ, ಬರೆದವನಿಗೆ ಆ ಅಂಕಿ ಎಲ್ಲಿಂದ ಬಂತು ಅನ್ನುವುದೇ ಗೊತ್ತಿರಲಿಲ್ಲ ಅಂತ ಅರ್ಥ.

ಈ ಅಂಕಿ ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. ಐಎಸ್‌ಒ 7141 ಅನ್ನುವ ಹೊಡೆತದ ಪರೀಕ್ಷೆಯಲ್ಲಿ ಟೈರ್ ಹಾಕಿದ ವೀಲನ್ನು 13 ಡಿಗ್ರಿ ಓರೆಯಾಗಿ ಬಿಗಿದು, 230 ಮಿಲಿಮೀಟರ್ ಎತ್ತರದಿಂದ ಅದರ ಅಂಚಿನ ಮೇಲೆ ಭಾರ ಬೀಳಿಸುತ್ತಾರೆ. ಎಷ್ಟು ಭಾರ ಅನ್ನುವುದು ವೀಲಿನ ಲೋಡ್ ಅಂಕಿಯ ಮೇಲೆ ನಿಂತಿದೆ:

```
D = 0.6 x W + 180
```

ಡಬ್ಲ್ಯೂ ಅಂದರೆ ಲೋಡ್ ಅಂಕಿ, ಡಿ ಅಂದರೆ ಬೀಳಿಸುವ ಭಾರ, ಎರಡೂ ಕೆಜಿಯಲ್ಲಿ. 690ಕ್ಕೆ 594 ಕೆಜಿ ಆಗುತ್ತದೆ. ಆ ಹೊಡೆತಕ್ಕೆ ನಡುವಿನ ಭಾಗ ಬಿರುಕು ಬಿಡಬಾರದು, ಟೈರಿನ ಗಾಳಿ ಒಂದು ನಿಮಿಷದೊಳಗೆ ಪೂರ್ತಿ ಇಳಿಯಬಾರದು. ನಕಲಿ ವೀಲಿನಲ್ಲಿ ಅಂಕಿ ಮಾತ್ರ ನಕಲಾಗಿರುತ್ತದೆ, ಈ ಹೊಡೆತ ಅದರ ಮೇಲೆ ಬಿದ್ದೇ ಇರುವುದಿಲ್ಲ. ಅದಕ್ಕೇ ಲೆಕ್ಕ ಸರಿ ಬಂದ ಮಾತ್ರಕ್ಕೆ ಇಲ್ಲಿಗೆ ನಿಲ್ಲಿಸಬೇಡಿ.

## ಹಂತ 4: ಎರಕದ ಗುರುತು, ಒತ್ತಿದ ಗುರುತು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿ. ಹಿಂಬದಿಯ ಬರಹದಲ್ಲಿ ಎರಡು ಜಾತಿ ಇದೆ. ಅಳತೆ, ಲೋಡ್, ಪಾರ್ಟ್ ನಂಬರ್, ತಯಾರಕನ ಗುರುತು ಇವನ್ನೆಲ್ಲ ಸಾಮಾನ್ಯವಾಗಿ ಅಚ್ಚಿನಲ್ಲೇ ಕೆತ್ತಿರುತ್ತಾರೆ. ಕರಗಿದ ಅಲ್ಯೂಮಿನಿಯಂ ಆ ಕೆತ್ತನೆಯೊಳಗೆ ತುಂಬಿಕೊಳ್ಳುವುದರಿಂದ ವೀಲಿನ ಮೇಲೆ ಅವು ಉಬ್ಬಿ ಬರುತ್ತವೆ. ಅಚ್ಚಿನಿಂದ ಸಲೀಸಾಗಿ ಬಿಟ್ಟುಬರಲಿ ಅಂತ ಅಕ್ಷರದ ಗೋಡೆ ಸ್ವಲ್ಪ ಇಳಿಜಾರಾಗಿರುತ್ತದೆ, ಸುತ್ತಲಿನ ಮೈಯ ಒರಟುತನವೇ ಅಕ್ಷರದ ತಲೆಯ ಮೇಲೂ ಇರುತ್ತದೆ.

ಇನ್ನೊಂದು ಜಾತಿ, ಎರಕ ಹೊರಬಂದ ಮೇಲೆ ಒಂದೊಂದು ವೀಲಿಗೂ ಬೇರೆಬೇರೆಯಾಗಿ ಒತ್ತಿದ್ದು. ಕರಗಿಸಿದ ಲೋಹದ ಬ್ಯಾಚ್ ನಂಬರ್, ಪರೀಕ್ಷೆ ಮಾಡಿದವರ ಚಿಕ್ಕ ಪಂಚ್, ಇಂಥವು. ಇವು ಒಳಕ್ಕೆ ಹೋಗಿರುತ್ತವೆ. ಕೈಯಲ್ಲಿ ಹೊಡೆದ ಪಂಚ್ ಆದರೆ ಒಂದು ವೀಲಿನಲ್ಲಿ ಎಡಕ್ಕೆ ವಾಲಿರುತ್ತದೆ, ಇನ್ನೊಂದರಲ್ಲಿ ನೆಟ್ಟಗಿರುತ್ತದೆ, ಮತ್ತೊಂದರಲ್ಲಿ ಆಳ ಕಡಿಮೆ ಬಿದ್ದಿರುತ್ತದೆ. ಪಂಚ್ ಒತ್ತಿದಾಗ ಲೋಹ ಪಕ್ಕಕ್ಕೆ ಸರಿದು ಅಂಚಿನಲ್ಲಿ ಸಣ್ಣ ದಂಡೆಯಂತೆ ಎದ್ದಿರುವುದೂ ಓರೆ ಬೆಳಕಿನಲ್ಲಿ ಕಾಣುತ್ತದೆ.

ಈಗ ಅಸಲಿ ವೀಲೊಂದರಿಂದಲೇ ಅಚ್ಚು ತೆಗೆದು ನಕಲು ಮಾಡಿದರೆ ಏನಾಗುತ್ತದೆ ಯೋಚಿಸಿ. ಆ ಒಂದು ವೀಲಿನ ಮೇಲಿದ್ದ ಪಂಚ್ ಕೂಡ ಅಚ್ಚಿಗೆ ಬಂದುಬಿಡುತ್ತದೆ. ಆಮೇಲೆ ಎರೆದ ಪ್ರತಿ ವೀಲಿನಲ್ಲೂ ಅದೇ ಪಂಚ್, ಅದೇ ಜಾಗದಲ್ಲಿ, ಅದೇ ವಾಲಿಕೆಯಲ್ಲಿ, ಅಂಚು ಸವೆದ ಹಾಗೆ ಮೆತ್ತಗೆ ಕಾಣುತ್ತದೆ. ಎದ್ದ ದಂಡೆ ಇರುವುದಿಲ್ಲ, ಅಥವಾ ಕರಗಿದ ಬೆಲ್ಲದಂತೆ ಗುಂಡಗಾಗಿರುತ್ತದೆ. ನಾಲ್ಕೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟು, ಅಳತೆಯ ಸಾಲು ಒಂದೇ ದಿಕ್ಕಿಗೆ ಬರುವ ಹಾಗೆ ತಿರುಗಿಸಿಕೊಂಡು ನೋಡಿ. ನಾಲ್ಕೂ ವೀಲಿನ ಪಂಚ್ ಕೂದಲೆಳೆಯಷ್ಟೂ ಬೇರೆಯಾಗದೆ ಒಂದೇ ಥರ ಇದ್ದರೆ ಸೆಟ್ ಬಿಟ್ಟುಬಿಡಿ.

ಆದರೆ ಇಲ್ಲಿ ಅವಸರ ಬೇಡ. ಉಬ್ಬಿದ ಅಕ್ಷರಗಳು ನಾಲ್ಕರಲ್ಲೂ ಒಂದೇ ಥರ ಇರುವುದು ಸಹಜ, ಒಂದೇ ಅಚ್ಚಿನಿಂದ ಬಂದಿದ್ದರೆ ಇರಲೇಬೇಕು. ಅಚ್ಚಿಗೆ ಬಿದ್ದ ಗೀರು ಕೂಡ ಪ್ರತಿ ವೀಲಿನಲ್ಲೂ ಉಬ್ಬಿದ ಗೆರೆಯಾಗಿ ಬರುತ್ತದೆ. ಇದನ್ನು ನೋಡಿ "ಎಲ್ಲಾ ಕಾಪಿ" ಅಂತ ಒಳ್ಳೇ ಸೆಟ್ ಬಿಟ್ಟವರೂ ಇದ್ದಾರೆ. ಬೇರೆಬೇರೆ ಇರಬೇಕಾದ್ದು ಒಂದೊಂದಕ್ಕೇ ಒತ್ತಿದ ಗುರುತು ಮಾತ್ರ. ಕೆಲವು ಕಾರ್ಖಾನೆಗಳು ಪಂಚ್ ಬದಲು ಯಂತ್ರದಿಂದ ಚುಕ್ಕಿ ಕೋಡೋ ಸ್ಟಿಕ್ಕರೋ ಹಾಕುತ್ತವೆ. ಆಗ ಸಾಲಾಗಿ ಒಂದೇ ಜಾಗದಲ್ಲಿದ್ದರೂ ಒಳಗಿನ ನಂಬರ್ ಬೇರೆ ಇರಬೇಕು.

ತಾರೀಕಿನ ಗುರುತನ್ನೂ ಹುಡುಕಿ. ಚಿಕ್ಕ ದುಂಡು ಬಿಲ್ಲೆ, ಸುತ್ತ 1ರಿಂದ 12ರವರೆಗೆ ಅಂಕಿ, ನಡುವೆ ಬಾಣ, ಬಾಣದ ಎರಡು ಪಕ್ಕ ವರ್ಷದ ಕೊನೆಯ ಎರಡು ಅಂಕಿ. ಬಾಣ 9ರ ಕಡೆಗಿದ್ದು ಪಕ್ಕದಲ್ಲಿ 1 ಮತ್ತು 6 ಇದ್ದರೆ 2016ರ ಸೆಪ್ಟೆಂಬರ್‌ನಲ್ಲಿ ಎರೆದದ್ದು. ಬಾಣದ ಬಿಲ್ಲೆಯನ್ನು ಅಚ್ಚಿನಲ್ಲಿ ತಿರುಗಿಸುವಂತೆ ಕೂರಿಸಿರುವುದರಿಂದ ಅದರ ಸುತ್ತ ತೆಳುವಾದ, ಸ್ಪಷ್ಟವಾದ ದುಂಡು ಗೆರೆ ಬರುತ್ತದೆ. ನಕಲು ಅಚ್ಚಿನಲ್ಲಿ ಬಿಲ್ಲೆಯೇ ಇರುವುದಿಲ್ಲ, ಅದರ ಚಿತ್ರ ಮಾತ್ರ ಇರುತ್ತದೆ. ಗೆರೆ ಅಲ್ಲಲ್ಲಿ ತುಂಬಿಹೋಗಿರುತ್ತದೆ, ಅಂಕಿ ಮಸುಕಾಗಿರುತ್ತದೆ. ಡಿಸೈನ್ ಮಾರುಕಟ್ಟೆಗೆ ಬರುವುದಕ್ಕಿಂತ ವರ್ಷಗಟ್ಟಲೆ ಹಿಂದಿನ ತಾರೀಕಿದ್ದರೆ ಅದಂತೂ ಸುಳ್ಳೇ.

ಇನ್ನೊಂದು: ತಯಾರಕನ ಹೆಸರೋ ಲೋಡ್ ಅಂಕಿಯೋ ಇರಬೇಕಾದ ಜಾಗದಲ್ಲಿ ಗ್ರೈಂಡರ್ ಗೆರೆ ಇದೆಯಾ ನೋಡಿ. ಉಬ್ಬಿದ್ದನ್ನು ಉಜ್ಜಿ ತೆಗೆದು ಹೊಸ ಅಂಕಿ ಒತ್ತಿದರೆ ಸುತ್ತಲಿನ ಒರಟು ಮೈ ನಡುವೆ ಅಷ್ಟು ಭಾಗ ಮಾತ್ರ ನುಣುಪಾಗಿ, ಸ್ವಲ್ಪ ತಗ್ಗಾಗಿ ಕಾಣುತ್ತದೆ.

ಫೋರ್ಜ್ ಮಾಡಿದ್ದು, ಅಂದರೆ ಎರೆಯದೆ ಗಟ್ಟಿ ಲೋಹವನ್ನೇ ಒತ್ತಿ ಮಾಡಿದ್ದು, ಅಂತ ಹೇಳಿ ಮಾರುವ ವೀಲಾದರೆ ಕೆಲಸ ಸುಲಭ. ಹಿಂಬದಿಯಲ್ಲಿ ಎರಕದ ಒರಟು ಮೈ, ತಿಂಗಳ ಬಿಲ್ಲೆ ಕಂಡರೆ ಅದು ಫೋರ್ಜ್ ಅಲ್ಲವೇ ಅಲ್ಲ.

## ಹಂತ 5: ಬಣ್ಣ ಯಾವಾಗ ಬಿತ್ತು?

ಬಣ್ಣ ಚೆನ್ನಾಗಿದೆಯಾ ಅಂತ ಕೇಳಬೇಡಿ, ಯಾವುದರ ಮೇಲೆ ಬಿದ್ದಿದೆ ಅಂತ ಕೇಳಿ. ಕ್ರಮ ಇಷ್ಟೇ: ಎರಕ, ಬಿಸಿ ಸಂಸ್ಕರಣೆ, ಲೇತ್ ಕೆಲಸ, ಆಮೇಲೆ ಬಣ್ಣ. ಡೈಮಂಡ್ ಕಟ್ ವೀಲಾದರೆ ಬಣ್ಣ ಹಾಕಿದ ಮೇಲೆ ಮುಂಬದಿಯನ್ನು ಮತ್ತೆ ಕೆರೆದು ಕ್ಲಿಯರ್ ಕೋಟ್ ಕೊಡುತ್ತಾರೆ.

ಹಾಗಾಗಿ ಎರಕದ ಅಕ್ಷರದ ಮೇಲೆ, ಬುಡದ ಮೂಲೆಯವರೆಗೂ, ಬಣ್ಣ ಒಂದೇ ಸಮ ಇರಬೇಕು. ಲೋಡ್ ಅಂಕಿಯ ಗೆರೆಯೊಳಗೆ ಬರೀ ಲೋಹ ಹೊಳೆಯುತ್ತಿದ್ದರೆ, ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದಿದ್ದರೆ, ಅದು ಬಣ್ಣ ಆದ ಮೇಲೆ ಬಂದ ಅಂಕಿ. ಚುಕ್ಕಿ ಕೋಡಿಗೆ ಇದು ತಪ್ಪಲ್ಲ, ಲೋಡ್ ಅಂಕಿಗೆ ತಪ್ಪು.

ಡೈಮಂಡ್ ಕಟ್ ಅಂತ ಹೇಳಿದ್ದರೆ ಮುಂಬದಿಯನ್ನು ಹಿಗ್ಗಿಸಿ ನೋಡಿ. ವೀಲಿನ ನಡುವಿನ ಸುತ್ತ ಸುತ್ತಿಕೊಂಡು ಹೋಗುವ ಸಣ್ಣ ಸಣ್ಣ ಗೆರೆ ಇರಬೇಕು, ಒಂದು ಸ್ಪೋಕಿನಿಂದ ಇನ್ನೊಂದಕ್ಕೆ ಅದೇ ವೃತ್ತ ಮುಂದುವರಿಯಬೇಕು. ಗೆರೆ ಇಲ್ಲದೆ ಬರೀ ಬೆಳ್ಳಿ ಬಣ್ಣ, ಅಂಚಿನಲ್ಲಿ ಟೇಪ್ ಕಿತ್ತ ಹಾಗೆ ಸಣ್ಣ ಮೆಟ್ಟಿಲು ಇದ್ದರೆ ಅದು ಬಳಿದದ್ದು.

ಬೋಲ್ಟ್ ತೂತಿನ ಫೋಟೋವನ್ನು ಈಗ ತೆಗೆಯಿರಿ. ಬೋಲ್ಟ್ ತಲೆ ಒತ್ತಿ ಕೂರುವ ಇಳಿಜಾರು ಅಂಚಿನಲ್ಲಿ ದಪ್ಪ ಬಣ್ಣ ಕಟ್ಟಿದ್ದರೆ, ಯಾರ ವೀಲೇ ಆಗಲಿ, ಅಪಾಯ. ಬಣ್ಣ ನಲುಗಿದ ಮೇಲೆ ಬೋಲ್ಟಿನ ಬಿಗಿ ಇಳಿಯುತ್ತದೆ.

ಇಷ್ಟಾದರೂ ಬಣ್ಣ ಒಂದನ್ನೇ ನಂಬಿ ತೀರ್ಪು ಕೊಡಬೇಡಿ. ಅಸಲಿ ವೀಲಿಗೇ ಮತ್ತೆ ಪೌಡರ್ ಕೋಟ್ ಮಾಡಿಸಿದ್ದರೆ ಅಕ್ಷರಗಳು ಅರ್ಧ ಮುಚ್ಚಿ ನಕಲಿಯ ಹಾಗೇ ಮೆತ್ತಗೆ ಕಾಣುತ್ತವೆ. ಆಗ ತಾರೀಕಿನ ಬಿಲ್ಲೆಯೂ ಪಂಚೂ ಮಸುಕಾಗಿರುತ್ತವೆ, ಆದರೆ ಪಂಚಿನ ವಾಲಿಕೆ ವೀಲಿಂದ ವೀಲಿಗೆ ಬೇರೆಯೇ ಇರುತ್ತದೆ. ಹಂತ 4 ಮೊದಲು ಮಾಡಿ ಅಂದದ್ದು ಇದಕ್ಕೇ. ಹೊಸ ದಪ್ಪ ಬಣ್ಣದ ಅಡಿಯಲ್ಲಿ ವೆಲ್ಡ್ ಮಾಡಿದ ಬಿರುಕು ಅಡಗಿರಬಹುದು, ಅದು ಬೇರೆ ತಲೆನೋವು.

## ಹಂತ 6: ಒಂದು ಸೆಟ್ ಹಿಡಿದು ನೋಡೋಣ

ಒಂದು ಸೆಟ್ ಊಹಿಸಿಕೊಳ್ಳಿ. 18 ಇಂಚಿನ ನಾಲ್ಕು ವೀಲ್. "2021ರ ಗಾಡಿಯಿಂದ ಬಿಚ್ಚಿದ್ದು, ಕಂಪನಿ ಒರಿಜಿನಲ್, ರೀಪೇಂಟ್ ಆಗಿಲ್ಲ" ಅಂತ ವಿವರಣೆ. ಹಿಂಬದಿಯಲ್ಲಿ ಮೇಲೆ ಕೊಟ್ಟ ಬರಹವೇ ಇದೆ, ಜೊತೆಗೆ ಪಾರ್ಟ್ ನಂಬರ್. ಅಳತೆ ತಾಳೆಯಾಗುತ್ತದೆ. ಗಾಡಿಗೆ ಬೇಕಾದ್ದು 590, ವೀಲಿನಲ್ಲಿ 690. ಇಲ್ಲಿಯವರೆಗೆ ಎಲ್ಲಾ ಸರಿ, ಬಹಳ ಜನ ಇಲ್ಲೇ ದುಡ್ಡು ಕಳಿಸಿಬಿಡುತ್ತಾರೆ.

ತಾರೀಕಿನ ಬಿಲ್ಲೆ ನಾಲ್ಕರಲ್ಲೂ 2016ರ ಸೆಪ್ಟೆಂಬರ್ ತೋರಿಸುತ್ತದೆ. ಗಾಡಿಗೆ ಹಾಕುವ ವೀಲನ್ನು ಐದು ವರ್ಷ ಗೋದಾಮಿನಲ್ಲಿ ಇಟ್ಟುಕೊಳ್ಳುವುದು ಅಪರೂಪ. ಇದರಿಂದ ನಕಲಿ ಅಂತ ಸಾಬೀತಾಗುವುದಿಲ್ಲ, ಹಳೆಯ ಗಾಡಿಯ ಅಸಲಿ ಸೆಟ್ ಆಗಿರಬಹುದು, ಆದರೆ ಮಾರುವವನ ಕಥೆ ಕೆಟ್ಟಿತು. ನಾಲ್ಕೂ ಒಂದೇ ತಿಂಗಳದ್ದು ಅನ್ನುವುದೂ ದೊಡ್ಡ ವಿಷಯವಲ್ಲ, ಒಂದು ಗಾಡಿಯ ವೀಲುಗಳು ಹಾಗೇ ಇರುವುದುಂಟು.

ಈಗ ಪಂಚ್. ಒಂದು ಸ್ಪೋಕಿನ ಬುಡದಲ್ಲಿ ಚಿಕ್ಕ ಕೆ ಅಕ್ಷರ ಒಳಕ್ಕೆ ಒತ್ತಿದೆ, ಬಲಕ್ಕೆ ವಾಲಿದೆ, ಕೆಳಗಿನ ಕಾಲು ಸರಿಯಾಗಿ ಮೂಡಿಲ್ಲ. ಎರಡನೇ ವೀಲಿನ ಫೋಟೋ ತಿರುಗಿಸಿ ಪಕ್ಕದಲ್ಲಿಟ್ಟರೆ ಅದೇ ಸ್ಪೋಕಿನಲ್ಲಿ ಅದೇ ಕೆ, ಅಷ್ಟೇ ವಾಲಿಕೆ, ಅದೇ ಕಾಲು ಕಾಣೆ. ಮೂರರಲ್ಲೂ, ನಾಲ್ಕರಲ್ಲೂ ಹಾಗೇ. ಎದ್ದ ದಂಡೆ ಎಲ್ಲೂ ಇಲ್ಲ. ಬಣ್ಣ ತೆಳ್ಳಗೆ, ಒಂದೇ ಸಮ ಇದೆ, ಅಂದರೆ ರೀಪೇಂಟಿನಿಂದ ಮಸುಕಾಯಿತು ಅನ್ನುವ ನೆಪಕ್ಕೂ ಜಾಗವಿಲ್ಲ. ಕೈಯಲ್ಲಿ ಹೊಡೆದ ಪಂಚ್ ನಾಲ್ಕು ಸಲ ಹೀಗೆ ಬೀಳುವುದಿಲ್ಲ. ಎಲ್ಲೋ ಒಂದು ಅಸಲಿ ವೀಲ್ ಆ ಕೆ ಹೊಡೆಸಿಕೊಂಡಿತ್ತು, ಇವು ಅದರ ಎರಕದ ನಕಲು. 690 ಅನ್ನುವ ಅಂಕಿಯೂ ಆ ವೀಲಿಗೇ ಸೇರಿದ್ದು.

ಈ ಸೆಟ್ ಬೇಡ. ಇದೇ ಜಾಗದಲ್ಲಿ ಕೆ ಒಂದೊಂದರಲ್ಲೂ ಬೇರೆ ಥರ ವಾಲಿದ್ದು, ಬಿಲ್ಲೆಯ ಗೆರೆ ಚೂಪಾಗಿದ್ದಿದ್ದರೆ, ತಾರೀಕಿನ ಬಗ್ಗೆ ಮಾರುವವನನ್ನು ಕೇಳಿ, ತಕ್ಕಡಿಯ ಮೇಲೆ ಟೈರಿಲ್ಲದ ವೀಲಿಟ್ಟು ಫೋಟೋ ಕಳಿಸಲು ಹೇಳಿ, ಅಸಲಿ ವೀಲಿನ ತೂಕಕ್ಕೆ ಹೋಲಿಸಿ, ಆಮೇಲೆ ಕೈಯಾರೆ ನೋಡಲು ಹೋಗಬಹುದಿತ್ತು. ಫೋಟೋ ನೋಡಿ "ಬೇಡ" ಅಂತ ಖಚಿತವಾಗಿ ಹೇಳಬಹುದು. "ತಗೊಳ್ಳಿ" ಅಂತ ಹೇಳಲು ಮಾತ್ರ ವೀಲ್ ಕಣ್ಣೆದುರು ಇರಬೇಕು, ಒಳಗಿನ ಬಿರುಕು, ಎರಕದೊಳಗಿನ ಗಾಳಿ ಗುಳ್ಳೆ, ರಿಮ್ಮಿನ ಸೊಟ್ಟ ಇವು ಯಾವ ಕ್ಯಾಮೆರಾಕ್ಕೂ ಸರಿಯಾಗಿ ಸಿಗುವುದಿಲ್ಲ.